ನಾಲ್ಕು ಕಾಲಿನ ರೋಬೋಟ್: 12 ಮೋಟರ್‌ಗೆ ಒಂದೇ ಕ್ಯಾನ್ ಬಸ್ಸಾ, ಕಾಲಿಗೊಂದಾ?

ಕಾಲಿಗೆ ಮೂರು ಜಾಯಿಂಟ್, ಒಟ್ಟು 12 ಮೋಟರ್ ಕಂಟ್ರೋಲರ್. ಮೊದ್ಲು ಎಲ್ಲಾನೂ ಒಂದೇ ಬಸ್‌ಗೆ ಹಾಕಿ ಓಡಿಸ್ದೆ, ಆಮೇಲೆ ಕಾಲಿಗೊಂದು ಬಸ್ ಎಳೆದು ನೋಡ್ದೆ. ಎರಡೂ ಕಡೆ ಸ್ಪೀಡ್ 1 ಮೆಗಾಬಿಟ್, ಎಫ್‌ಡಿ ಅಲ್ಲ, ಹಳೇ ಕ್ಯಾನೇ.

ಒಂದೇ ಬಸ್‌ನಲ್ಲಿ ವೈರಿಂಗ್ ಕಮ್ಮಿ, ಒಂದೇ ಅಡಾಪ್ಟರ್ ಸಾಕು, ಅಷ್ಟು ಖುಷಿ. ಆದ್ರೆ ಲೆಕ್ಕ ಹಾಕಿ: 8 ಬೈಟಿನ ಫ್ರೇಮ್ ಸ್ಟಫ್ ಬಿಟ್ ಸೇರಿ ಹತ್ರ ಹತ್ರ 130 ಮೈಕ್ರೋಸೆಕೆಂಡ್ ತಿನ್ನುತ್ತೆ, ಮೋಟರ್‌ಗೆ ಒಂದು ಕಮಾಂಡ್ ಒಂದು ರಿಪ್ಲೈ ಅಂದ್ರೆ 24 ಫ್ರೇಮು, 3 ಮಿಲಿಸೆಕೆಂಡ್ ದಾಟ್ತು. ಹಾಗಾಗಿ 300 ಹರ್ಟ್ಸ್ ಆಸುಪಾಸಲ್ಲೇ ಮುಗೀತು. ಕಾಲಿಗೊಂದು ಬಸ್ ಆದ್ರೆ 6 ಫ್ರೇಮು, ಸುಮಾರು 780 ಮೈಕ್ರೋಸೆಕೆಂಡ್, ಅಂದ್ರೆ 1 ಕಿಲೋಹರ್ಟ್ಸ್ ಲೂಪ್ ಹಿಡಿಸುತ್ತೆ, ಒಂದು ಫ್ರೇಮ್ ಕೆಟ್ರೆ ಇನ್ನೊಂದ್ ಸಲ ಕಳ್ಸೋಕೂ ಜಾಗ ಉಳಿಯುತ್ತೆ.

ಸ್ಪೀಡ್‌ಗಿಂತ ನಂಗೆ ತಲೆನೋವು ಕೊಟ್ಟಿದ್ದು ರಿಪ್ಲೈ ಐಡಿ. ಮಿನಿ ಚೀತಾ ಥರದ ಪ್ರೋಟೋಕಾಲ್ ಇರೋ ಕಂಟ್ರೋಲರ್‌ಗಳಲ್ಲಿ ಎಲ್ಲಾ ಮೋಟರೂ ಐಡಿ 0 ಇಟ್ಕೊಂಡೇ ಉತ್ತರ ಕೊಡ್ತವೆ, ಯಾವ ಮೋಟರ್ ಅನ್ನೋದು ಮೊದಲ್ನೇ ಡೇಟಾ ಬೈಟಲ್ಲಿ ಇರುತ್ತೆ. ಕಮಾಂಡ್‌ಗಳನ್ನ ಬೆನ್ನಿಗೆ ಬೆನ್ನು ಕಳ್ಸಿದ್ರೆ ಎರಡು ಮೋಟರ್ ಉತ್ತರ ರೆಡಿ ಮಾಡ್ಕೊಂಡು ಬಸ್ ಖಾಲಿ ಆಗೋದನ್ನೇ ಕಾಯ್ತಿರ್ತವೆ, ಖಾಲಿ ಆದ ತಕ್ಷಣ ಒಟ್ಟಿಗೆ ಶುರು ಮಾಡ್ತವೆ. ಐಡಿ ಬೇರೆ ಇದ್ದಿದ್ರೆ ಚಿಕ್ಕ ನಂಬರಿನದ್ದು ಗೆಲ್ತಿತ್ತು, ಇನ್ನೊಂದು ಸುಮ್ನೆ ಕಾಯ್ತಿತ್ತು. ಐಡಿ ಒಂದೇ ಆಗಿರೋದ್ರಿಂದ ಡೇಟಾ ಬೈಟಿಗೆ ಬಂದಾಗ ಬಿಟ್ ಎರರ್, ಎರಡೂ ಫ್ರೇಮ್ ಹಾಳು, ಮತ್ತೆ ಒಟ್ಟಿಗೇ ಟ್ರೈ ಮಾಡಿ ಮತ್ತೆ ಡಿಕ್ಕಿ. ನೋಡೋರಿಗೆ ಕೇಬಲ್ ಲೂಸ್ ಇದೆ ಅನ್ಸುತ್ತೆ, ಸ್ಕೋಪ್ ತಗೊಂಡು ಕೂತ್ಕೋತಾರೆ. ಒಂದೊಂದೇ ಮೋಟರ್ ಓಡಿಸಿದಾಗ ಕೆಳಗಿನ ಕಮಾಂಡ್ ತೋರ್ಸೋ ಎರರ್ ಕೌಂಟರ್ ಅಲ್ಲಾಡದೆ, ಎಲ್ಲಾ ಒಟ್ಟಿಗೆ ಓಡಿಸಿದಾಗ ಮಾತ್ರ ಏರ್ತಿದ್ರೆ ಮೊದ್ಲು ಐಡಿ ಮೇಲೆ ಡೌಟ್ ಪಡಿ:

```
ip -details -statistics link show can0
```

ನಾಲ್ಕು ಬಸ್ ಮಾಡಿದ್ರೂ ಇದು ಪೂರ್ತಿ ಹೋಗಲ್ಲ, ಮೂರೇ ಮೋಟರ್ ಇರೋದ್ರಿಂದ ಅಪರೂಪ ಆಗುತ್ತೆ ಅಷ್ಟೇ. ಸರಿಯಾದ ಮದ್ದು ಅಂದ್ರೆ ಕಂಟ್ರೋಲರ್ ಸೆಟ್ಟಿಂಗಲ್ಲಿ ಪ್ರತಿ ಮೋಟರ್‌ಗೂ ಬೇರೆ ರಿಪ್ಲೈ ಐಡಿ ಕೊಡೋದು. ಆ ಸೆಟ್ಟಿಂಗೇ ಇಲ್ಲ ಅಂದ್ರೆ ಒಂದರ ಉತ್ತರ ಬಂದ್ಮೇಲೆ ಇನ್ನೊಂದಕ್ಕೆ ಕಮಾಂಡ್ ಕಳ್ಸಿ.

ವೈರಿಂಗಲ್ಲೂ ಕಾಲಿಗೊಂದು ಬಸ್ಸೇ ಮೇಲು. ಒಂದೇ ಬಸ್ ಅಂದ್ರೆ ಕೇಬಲ್ ಒಂದು ಕಾಲಿನ ಮಂಡಿ ತನಕ ಇಳಿದು ವಾಪಸ್ ಬಂದು ಇನ್ನೊಂದು ಕಾಲಿಗೆ ಹೋಗ್ಬೇಕು, ಇಲ್ಲಾಂದ್ರೆ ಸ್ಟಾರ್ ಆಗುತ್ತೆ, ಸ್ಟಾರ್ ಆದ್ರೆ 1 ಮೆಗಾಬಿಟ್‌ನಲ್ಲಿ ರಿಫ್ಲೆಕ್ಷನ್ ಕಾಟ. ಕಾಲಿಗೊಂದು ಬಸ್ ಆದ್ರೆ ಬೋರ್ಡ್ ಹತ್ರ 120 ಓಮ್, ಮಂಡಿ ಮೋಟರ್ ಹತ್ರ 120 ಓಮ್, ಅಷ್ಟೇ. ಪವರ್ ಆಫ್ ಮಾಡಿ ಹೈ-ಲೋ ಮಧ್ಯೆ ಮೀಟರ್ ಇಟ್ರೆ 60 ಬರ್ಬೇಕು, 40 ಬಂದ್ರೆ ನಡುವೆ ಯಾವ್ದೋ ಕಂಟ್ರೋಲರ್ ಒಳಗೇ ರೆಸಿಸ್ಟರ್ ಇದೆ, 120 ಬಂದ್ರೆ ಒಂದು ಕೊನೆ ಬಿಟ್ಟೋಗಿದೆ.

ನಾಲ್ಕು ಚಾನೆಲ್‌ಗೆ ಖರ್ಚು ಜಾಸ್ತಿ, ಅದು ನಿಜ. ನಿಧಾನಕ್ಕೆ ಓಡೋ 6 ಜಾಯಿಂಟ್ ಆರ್ಮ್‌ಗೆ, 200 ಹರ್ಟ್ಸ್ ಸಾಕು ಅನ್ನೋ ಕಡೆ, ನಾನೂ ಒಂದೇ ಬಸ್ ಹಾಕ್ತೀನಿ.