ಆರ್‌ಟಿಎಕ್ಸ್ 3060 ದೀರ್ಘಕಾಲದ ಬಳಕೆ: ಅದೇ 720ಪಿ, ಆದರೆ ಚಿತ್ರ ಇನ್ನೂ ಚೊಕ್ಕ

2022ರ ಕೊನೆಯಲ್ಲಿ ತಗೊಂಡ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, 12 ಜಿಬಿ ಮೆಮೊರಿಯದ್ದು, ಇವತ್ತಿಗೂ ದಾವಣಗೆರೆಯ ನಮ್ಮ ಮನೆಯ ಪಿಸಿಯಲ್ಲಿ ಓಡುತ್ತಿದೆ. ಹೊಸ ಕಾರ್ಡ್ ತಗೊಳ್ಳುವ ಯೋಚನೆ ಸದ್ಯಕ್ಕಿಲ್ಲ. ಕಾರ್ಡಿನ ಸ್ವಂತ ಶಕ್ತಿ ಇದಕ್ಕೆ ಅರ್ಧ ಕಾರಣ ಅಷ್ಟೇ. ಉಳಿದರ್ಧ ಕಾರಣ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್, ಅಂದರೆ ಕಡಿಮೆ ಪಿಕ್ಸೆಲ್ ಬಿಡಿಸಿ ಅದರಿಂದ ಪರದೆಯ ಅಳತೆಯ ಚಿತ್ರ ಕಟ್ಟುವುದು. ಆಮೇಲೆ ಬಂದ, ಎರಡು ಫ್ರೇಮ್‌ಗಳ ನಡುವೆ ಇನ್ನೊಂದನ್ನು ಹುಟ್ಟಿಸುವ ಎಎಮ್‌ಡಿಯ ಎಫ್‌ಎಸ್‌ಆರ್ ಫ್ರೇಮ್ ಜನರೇಶನ್ ಕೂಡ ಒಂದಿಷ್ಟು ಕೈ ಹಿಡಿದಿದೆ. ಈ ವಿಮರ್ಶೆ ಕಾರ್ಡಿಗಿಂತ ಜಾಸ್ತಿ ಆ ಎರಡರ ಬಗ್ಗೆಯೇ.

ಮೊದಲು ನನ್ನ ಹತ್ತಿರ ಇದ್ದದ್ದು 24 ಇಂಚಿನ 1080ಪಿ, 60 ಹರ್ಟ್ಸ್ ಮಾನಿಟರ್. ಅದರಲ್ಲಿ ಡಿಎಲ್‌ಎಸ್‌ಎಸ್ ಅನ್ನು ಕ್ವಾಲಿಟಿ ಮೋಡಿನಲ್ಲಿ ಇಟ್ಟು ಆಡುತ್ತಿದ್ದೆ. ಕ್ವಾಲಿಟಿ ಅಂದರೆ ಅಗಲದಲ್ಲೂ ಎತ್ತರದಲ್ಲೂ ಮೂರರಲ್ಲಿ ಎರಡು ಪಾಲು ಮಾತ್ರ ಬಿಡಿಸುವುದು. 1920×1080 ಪರದೆಗೆ ಕಾರ್ಡ್ ನಿಜಕ್ಕೂ ಬಿಡಿಸುವುದು 1280×720. ಆಮೇಲೆ 27 ಇಂಚಿನ 1440ಪಿ, 165 ಹರ್ಟ್ಸ್ ಮಾನಿಟರ್ ಬಂತು. ಭಾರದ ಆಟಗಳಿಗೆ ಪರ್ಫಾರ್ಮೆನ್ಸ್ ಮೋಡ್ ಹಾಕಿದೆ. ಅದು ಎರಡೂ ಕಡೆ ಅರ್ಧ. 2560×1440ರ ಅರ್ಧ ಎಷ್ಟು? ಮತ್ತೆ ಅದೇ 1280×720!

ಅಂದರೆ ಕಾರ್ಡ್ ಬಿಡಿಸುವ ಪಿಕ್ಸೆಲ್ ಒಂದೂ ಜಾಸ್ತಿ ಆಗಿಲ್ಲ. ಹಳೆಯದರಲ್ಲೂ ಹೊಸದರಲ್ಲೂ ಸುಮಾರು 9.2 ಲಕ್ಷ. ಆದರೆ ಎರಡೂ ಮಾನಿಟರ್ ಪಕ್ಕಪಕ್ಕ ಇಟ್ಟು ಸೈಬರ್‌ಪಂಕ್ 2077 ಹಾಕಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಬೀದಿಯ ಮೇಲೆ ಹಾದುಹೋದ ತಂತಿಗಳನ್ನೇ ನೋಡಿ. ಹಳೆಯದರಲ್ಲಿ ದೂರದ ತಂತಿ ಅಲ್ಲಲ್ಲಿ ತುಂಡಾಗಿ, ನಡೆದಂತೆಲ್ಲ ಮಿಣಮಿಣ ಅನ್ನುತ್ತಿತ್ತು. ಹೊಸದರಲ್ಲಿ ಅದೇ ತಂತಿ ಒಂದೇ ಗೆರೆಯಾಗಿ ನಿಲ್ಲುತ್ತದೆ. ಅಂಗಡಿ ಬೋರ್ಡಿನ ಸಣ್ಣ ಅಕ್ಷರ ಓದಲು ಬರುತ್ತದೆ. ಮಾನಿಟರಿನಲ್ಲಿ ಚುಕ್ಕೆಗಳು ಒತ್ತೊತ್ತಾಗಿರುವುದೂ ಇದಕ್ಕೆ ಸ್ವಲ್ಪ ಕಾರಣ, ನಿಜ. ಆದರೆ ಅದೊಂದೇ ಅಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು.

ಡಿಎಲ್‌ಎಸ್‌ಎಸ್ ಒಂದು ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 2021ರಲ್ಲಿ ಬಂದ ಎಫ್‌ಎಸ್‌ಆರ್‌ನ ಮೊದಲ ಆವೃತ್ತಿ ಹಾಗೇ ಇತ್ತು: ಒಂದೇ ಫ್ರೇಮ್ ನೋಡಿ, ಅಂಚುಗಳನ್ನು ಹುಡುಕಿ, ಹಿಗ್ಗಿಸಿ, ಹರಿತ ಮಾಡುವುದು. 2020ರಲ್ಲಿ ಬಂದ ಡಿಎಲ್‌ಎಸ್‌ಎಸ್ 2 ಮತ್ತು 2022ರ ಎಫ್‌ಎಸ್‌ಆರ್ 2 ಕೆಲಸ ಮಾಡುವ ರೀತಿಯೇ ಬೇರೆ. ಆಟವು ಪ್ರತಿ ಫ್ರೇಮಿನಲ್ಲೂ ಕ್ಯಾಮೆರಾವನ್ನು ಒಂದು ಪಿಕ್ಸೆಲ್‌ಗಿಂತ ಕಡಿಮೆ ದೂರ ಆಚೀಚೆ ಸರಿಸುತ್ತದೆ. ಹಾಗಾಗಿ ಈ ಫ್ರೇಮಿನಲ್ಲಿ ಎರಡು ಪಿಕ್ಸೆಲ್‌ಗಳ ನಡುವೆ ಬಿದ್ದುಹೋದ ತಂತಿ ಮುಂದಿನ ಫ್ರೇಮಿನಲ್ಲೋ ಅದರ ಮುಂದಿನದರಲ್ಲೋ ಸಿಕ್ಕಿಬೀಳುತ್ತದೆ. ಸೊಳ್ಳೆ ಜಾಲರಿಯ ಹಿಂದೆ ನಿಂತು ತಲೆಯನ್ನು ಸ್ವಲ್ಪ ಸ್ವಲ್ಪ ಅಲ್ಲಾಡಿಸಿದರೆ ಹೊರಗಿನದು ಪೂರ್ತಿ ಕಾಣುತ್ತದಲ್ವಾ, ಹಾಗೆ.

ಹೀಗೆ ಸಿಕ್ಕಿದ್ದನ್ನೆಲ್ಲ ಅಪ್‌ಸ್ಕೇಲರ್ ಒಂದು ದೊಡ್ಡ ಚಿತ್ರದಲ್ಲಿ ಕೂಡಿಡುತ್ತಾ ಹೋಗುತ್ತದೆ. ಆ ಚಿತ್ರದ ಅಳತೆ 720ಪಿ ಅಲ್ಲ, ನಿಮ್ಮ ಪರದೆಯ ಅಳತೆ. ಆಟದಲ್ಲಿ ಎಲ್ಲವೂ ಚಲಿಸುತ್ತಿರುವುದರಿಂದ ಯಾವ ಪಿಕ್ಸೆಲ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ಮೋಷನ್ ವೆಕ್ಟರ್ ಹೇಳುತ್ತದೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಡೆಪ್ತ್ ಮಾಹಿತಿ ಹೇಳುತ್ತದೆ. ಹಳೆಯ ಮಾಹಿತಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಕಷ್ಟದ ಕೆಲಸ. ಡಿಎಲ್‌ಎಸ್‌ಎಸ್‌ನಲ್ಲಿ ಅದನ್ನು ತರಬೇತಿ ಪಡೆದ ನ್ಯೂರಲ್ ನೆಟ್‌ವರ್ಕ್ ನೋಡಿಕೊಳ್ಳುತ್ತದೆ. ಎಫ್‌ಎಸ್‌ಆರ್ 2 ಮತ್ತು 3ರಲ್ಲಿ ಜನ ಕೈಯಾರೆ ಬರೆದ ನಿಯಮಗಳು ನೋಡಿಕೊಳ್ಳುತ್ತವೆ.

1440ಪಿ ಯಾಕೆ ಗೆಲ್ಲುತ್ತದೆ ಅಂತ ಈಗ ಗೊತ್ತಾಗುತ್ತದೆ. ಒಳಗೆ ಬರುವ ಮಾಹಿತಿ ಅಷ್ಟೇ ಇದ್ದರೂ ಅದನ್ನು ಕೂಡಿಡುವ ಮನೆಗಳು ಸಣ್ಣವು, ಸಂಖ್ಯೆಯಲ್ಲಿ ಜಾಸ್ತಿ. ಜೊತೆಗೆ ಮೆನು, ಮ್ಯಾಪ್, ಅಕ್ಷರಗಳನ್ನೆಲ್ಲ ಆಟ ಪರದೆಯ ಪೂರ್ತಿ ಅಳತೆಯಲ್ಲೇ ಬಿಡಿಸುತ್ತದೆ. ಟೆಕ್ಸ್ಚರ್‌ಗಳನ್ನೂ ಆ ಅಳತೆಗೆ ತಕ್ಕಂತೆ ಆರಿಸುತ್ತದೆ. ಈ ಕೊನೆಯದನ್ನು ಕೆಲವು ಆಟಗಳಲ್ಲಿ ಸರಿಯಾಗಿ ಮಾಡಿರುವುದಿಲ್ಲ. ಅಂಚುಗಳೆಲ್ಲ ಹರಿತವಾಗಿದ್ದು ಗೋಡೆ, ನೆಲ ಮಾತ್ರ ಮಬ್ಬಾಗಿ ಕಂಡರೆ ತಪ್ಪು ಅಲ್ಲೇ ಇದೆ ಅಂತ ತಿಳಿಯಿರಿ.

ವೇಗ ಎಷ್ಟು ಸಿಗುತ್ತದೆ? 1440ಪಿ ಪೂರ್ತಿ ಬಿಡಿಸಿದಾಗ ಸೈಬರ್‌ಪಂಕ್, ರೇ ಟ್ರೇಸಿಂಗ್ ಇಲ್ಲದೆ, ನನ್ನಲ್ಲಿ 40ರ ಆಸುಪಾಸು ಫ್ರೇಮ್ ಕೊಡುತ್ತದೆ. ಕ್ವಾಲಿಟಿಗೆ ಹಾಕಿದರೆ 60ರ ಹತ್ತಿರ ಬರುತ್ತದೆ. ಕ್ವಾಲಿಟಿಯಲ್ಲಿ ಬಿಡಿಸುವುದು ಶೇ. 44ರಷ್ಟು ಪಿಕ್ಸೆಲ್ ಮಾತ್ರ. ಹಾಗಾದರೆ ವೇಗ ಎರಡು ಪಟ್ಟು ಮೀರಬೇಕಿತ್ತಲ್ಲ? ಆಗಲ್ಲ. ನೆರಳಿನ ಮ್ಯಾಪ್, ಆಕಾರಗಳ ಲೆಕ್ಕ, ಸಿಪಿಯು ಕೆಲಸ ಇವೆಲ್ಲ ಪಿಕ್ಸೆಲ್ ಜೊತೆಗೆ ಇಳಿಯುವುದಿಲ್ಲ. ಅಪ್‌ಸ್ಕೇಲರ್ ಕೂಡ ಪ್ರತಿ ಫ್ರೇಮಿಗೂ ಒಂದಿಷ್ಟು ಸಮಯ ತಿನ್ನುತ್ತದೆ. ನಿಮ್ಮ ಸಿಪಿಯು ಹಳೆಯದಾಗಿದ್ದರೆ ಕ್ವಾಲಿಟಿಯಿಂದ ಪರ್ಫಾರ್ಮೆನ್ಸ್‌ಗೆ ಇಳಿಸಿದರೂ ಎಫ್‌ಪಿಎಸ್ ಕದಲುವುದಿಲ್ಲ. ಹಾಗೆ ಕಂಡರೆ ಸುಮ್ನೆ ಚಿತ್ರ ಕೆಡಿಸಿಕೊಳ್ಳಬೇಡಿ, ವಾಪಸ್ ಕ್ವಾಲಿಟಿಗೇ ಬನ್ನಿ.

ದೋಷಗಳೂ ಇವೆ. ಮಳೆ, ಹಿಮ, ಹೊಗೆ, ಗಾಳಿಯಲ್ಲಿ ತೇಲುವ ಎಲೆ ಇಂಥವಕ್ಕೆ ಎಷ್ಟೋ ಆಟಗಳು ಸರಿಯಾದ ಮೋಷನ್ ವೆಕ್ಟರ್ ಕೊಡುವುದಿಲ್ಲ. ಆಗ ಅವುಗಳ ಹಿಂದೆ ಮಸುಕು ಬಾಲ ಉಳಿಯುತ್ತದೆ. ಪಾತ್ರ ಹುಲ್ಲಿನಲ್ಲಿ ಓಡುವಾಗ ಕಾಲಿನ ಪಕ್ಕ ನೋಡಿ. ಕಾಲು ಸರಿದ ತಕ್ಷಣ ಹಿಂದಿನ ಹುಲ್ಲು ಹೊಸದಾಗಿ ಕಾಣಿಸುತ್ತದೆ. ಅದರ ಬಗ್ಗೆ ಕೂಡಿಟ್ಟ ಮಾಹಿತಿ ಏನೂ ಇರುವುದಿಲ್ಲ. ಹಾಗಾಗಿ ಅಲ್ಲಿ ಒಂದು ಕ್ಷಣ ಒರಟು ಕಾಳುಕಾಳು ಕಾಣುತ್ತದೆ. ಎಫ್‌ಎಸ್‌ಆರ್ 2ರಲ್ಲಿ ಇದು ಜಾಸ್ತಿ, ಡಿಎಲ್‌ಎಸ್‌ಎಸ್‌ನಲ್ಲಿ ಕಡಿಮೆ. 2025ರ ಜನವರಿಯಲ್ಲಿ ಡಿಎಲ್‌ಎಸ್‌ಎಸ್ 4 ಜೊತೆ ಬಂದ ಟ್ರಾನ್ಸ್‌ಫಾರ್ಮರ್ ಮಾದರಿ ಎಲ್ಲಾ ಆರ್‌ಟಿಎಕ್ಸ್ ಕಾರ್ಡ್‌ಗಳಿಗೂ ಸಿಕ್ಕಿತು. 3060ಯಲ್ಲಿ ಅದಕ್ಕೆ ಕೆಲವು ಫ್ರೇಮ್ ಬಲಿ ಕೊಡಬೇಕು. ಆದರೆ ಚಲಿಸುವಾಗಿನ ಮಸುಕು ಎಷ್ಟು ಕಡಿಮೆಯಾಯಿತೆಂದರೆ, ಹಿಂದೆ ಕ್ವಾಲಿಟಿ ಬೇಕಾಗಿದ್ದ ಕಡೆ ಈಗ ನಾನು ಕ್ವಾಲಿಟಿಗೂ ಪರ್ಫಾರ್ಮೆನ್ಸ್‌ಗೂ ನಡುವಿನ ಬ್ಯಾಲೆನ್ಸ್ಡ್‌ನಲ್ಲೇ ಆಡುತ್ತೇನೆ. ಹಣ ಕೊಡದೆ ಕಾರ್ಡ್ ಹೊಸದಾದ ಖುಷಿ ಅದು.

ಇನ್ನು ಫ್ರೇಮ್ ಜನರೇಶನ್. ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಶನ್‌ಗೆ 40 ಸರಣಿಯ ಅಥವಾ ಅದಕ್ಕಿಂತ ಹೊಸ ಕಾರ್ಡೇ ಬೇಕು, 3060ಗೆ ಇಲ್ಲ. ಎಫ್‌ಎಸ್‌ಆರ್ 3ರದ್ದಕ್ಕೆ ಅಂಥ ಕಟ್ಟು ಇಲ್ಲ. 2024ರಲ್ಲಿ ಪಿಸಿಗೆ ಬಂದ ಘೋಸ್ಟ್ ಆಫ್ ತ್ಸುಶಿಮಾದಲ್ಲಿ ಡಿಎಲ್‌ಎಸ್‌ಎಸ್ ಅಪ್‌ಸ್ಕೇಲಿಂಗ್ ಜೊತೆಗೇ ಎಫ್‌ಎಸ್‌ಆರ್ ಫ್ರೇಮ್ ಜನರೇಶನ್ ಹಾಕಬಹುದು. ನನ್ನಲ್ಲಿ 60 ದಾಟಿ ಓಡುತ್ತಿದ್ದದ್ದು ಅದನ್ನು ಹಾಕಿದ ಮೇಲೆ 110ರ ಹತ್ತಿರ ಬಂತು. ಸರಿಯಾಗಿ ಎರಡು ಪಟ್ಟು ಆಗಲಿಲ್ಲ, ಯಾಕೆಂದರೆ ನಡುವಿನ ಫ್ರೇಮ್ ಹುಟ್ಟಿಸಲಿಕ್ಕೂ ಕಾರ್ಡೇ ದುಡಿಯಬೇಕು. ನಿಜವಾದ ಫ್ರೇಮ್ 55ಕ್ಕೆ ಇಳಿದು, ಅದು ದುಪ್ಪಟ್ಟಾಗುತ್ತದೆ.

ಇದು ಚಿತ್ರವನ್ನು ಹರಿತ ಮಾಡುವುದಿಲ್ಲ, ಓಟವನ್ನು ನುಣುಪು ಮಾಡುತ್ತದೆ. ಕೈಗೆ ಆಟ ಚುರುಕಾಗುವುದೂ ಇಲ್ಲ. ಎರಡು ನಿಜವಾದ ಫ್ರೇಮ್‌ಗಳ ನಡುವಿನದನ್ನು ಹುಟ್ಟಿಸಬೇಕಾದರೆ ಎರಡನೆಯದು ಮೊದಲೇ ಸಿದ್ಧವಾಗಿರಬೇಕು. ಸಿದ್ಧವಾದದ್ದನ್ನು ತಡೆದು, ನಡುವಿನದನ್ನು ಮೊದಲು ತೋರಿಸಿ, ಆಮೇಲೆ ಅದನ್ನು ಬಿಡುತ್ತದೆ. 60ರ ವೇಗದಲ್ಲಿ ಎರಡು ಫ್ರೇಮ್‌ಗಳ ನಡುವೆ 16.7 ಮಿಲಿಸೆಕೆಂಡ್ ಅಂತರ. ಅದರಲ್ಲಿ ಅರ್ಧ, ಅಂದರೆ 8 ಮಿಲಿಸೆಕೆಂಡ್ ಮೇಲ್ಪಟ್ಟು ತಡ ಸೇರುತ್ತದೆ. ಕುದುರೆ ಓಡಿಸುವಾಗ ಇದು ಗೊತ್ತೇ ಆಗುವುದಿಲ್ಲ. ಅದೇ 30ರ ವೇಗದಲ್ಲಿ ಮೊದಲೇ ಭಾರವಾಗಿದ್ದ ಆಟಕ್ಕೆ ಇನ್ನೂ 17 ಮಿಲಿಸೆಕೆಂಡ್ ಸೇರಿ ಕತ್ತಿ ಒಂದು ಗಳಿಗೆ ತಡವಾಗಿ ಬೀಸಿದಂತೆ ಆಗುತ್ತದೆ. ಆದ್ದರಿಂದ ಇದಿಲ್ಲದೆ 60 ಬರುವ ಆಟಕ್ಕೆ ಮಾತ್ರ ಹಾಕಿ.

ಇಲ್ಲಿ ತುಂಬಾ ಜನ ಎಡವುವ ಜಾಗ ಒಂದಿದೆ. ವಿದ್ಯಾನಗರದಲ್ಲಿ ರೂಮ್ ಮಾಡಿಕೊಂಡಿರುವ, ಇಂಜಿನಿಯರಿಂಗ್ ಓದುವ ನನ್ನ ಚಿಕ್ಕಪ್ಪನ ಮಗ ಒಮ್ಮೆ ಫೋನ್ ಮಾಡಿದ.

"ಅಣ್ಣಾ, ಫ್ರೇಮ್ ಜನರೇಶನ್ ಹಾಕಿದ ಮೇಲೆ ಮೌಸ್ ಎಳೆದಂಗೆ ಆಗ್ತಿದೆ. ಕೌಂಟರ್ ನೋಡಿದ್ರೆ 60 ಅಂತಾನೇ ತೋರಿಸ್ತಿದೆ."

"ಮಾನಿಟರ್ ಎಷ್ಟು ಹರ್ಟ್ಸ್ ಮಾರಾಯ?"

"60. ವಿ-ಸಿಂಕ್ ಆನ್ ಇದೆ."

ಗಂಟು ಅಲ್ಲೇ ಇತ್ತು. 60 ಹರ್ಟ್ಸ್ ಮಾನಿಟರಿಗೆ ವಿ-ಸಿಂಕ್ ಕಟ್ಟಿದರೆ ಒಟ್ಟು ಫ್ರೇಮ್ 60 ಮೀರುವುದಿಲ್ಲ. ಅದರಲ್ಲಿ ಅರ್ಧ ಹುಟ್ಟಿಸಿದವು. ಹಾಗಾಗಿ ನಿಜವಾದವು 30 ಮಾತ್ರ. ಮೊದಲು 60 ನಿಜವಾದ ಫ್ರೇಮ್ ಬರುತ್ತಿದ್ದ ಆಟವನ್ನು ಅವನು ತಾನೇ 30ಕ್ಕೆ ಇಳಿಸಿಕೊಂಡಿದ್ದ. ಫ್ರೇಮ್ ಜನರೇಶನ್ ಆಫ್ ಮಾಡಿಸಿದೆ, ಸರಿಹೋಯಿತು. 60 ಅಥವಾ 75 ಹರ್ಟ್ಸ್ ಮಾನಿಟರ್ ಇರುವವರು ಫ್ರೇಮ್ ಜನರೇಶನ್ ಅನ್ನು ಮರೆತುಬಿಡಿ. ನಿಮಗೆ ಅಪ್‌ಸ್ಕೇಲಿಂಗ್ ಸಾಕು.

ನಮ್ಮೂರಿಗೆ ಸಂಬಂಧಪಟ್ಟ ಒಂದು ಮಾತು. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಸೆಕೆಯಲ್ಲಿ ಈ ಕಾರ್ಡ್ ತನ್ನ ಪೂರ್ತಿ 170 ವ್ಯಾಟ್ ಎಳೆಯಲು ಶುರು ಮಾಡಿದರೆ ರೂಮಿನಲ್ಲಿ ಕೂರಲು ಆಗುವುದಿಲ್ಲ. ಫ್ಯಾನ್ ಶಬ್ದ ಬೇರೆ. ಆಗ ನಾನು ಅಪ್‌ಸ್ಕೇಲಿಂಗ್ ಹಾಕಿ ಫ್ರೇಮನ್ನು 60ಕ್ಕೆ ಕಟ್ಟುತ್ತೇನೆ. ಉಳಿದ ಶಕ್ತಿಯನ್ನು ವೇಗಕ್ಕೆ ಹಾಕದೆ ಬಿಟ್ಟುಬಿಡುವುದು. ಕಾರ್ಡ್ 110 ವ್ಯಾಟ್‌ನ ಆಸುಪಾಸಿನಲ್ಲಿ ತಣ್ಣಗೆ ಓಡುತ್ತದೆ. ಕರೆಂಟ್ ಹೋದಾಗ ನಮ್ಮ ಸಣ್ಣ ಯುಪಿಎಸ್ ಕೂಡ ಆಟ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ನಿಲ್ಲುತ್ತದೆ.

ಹೊಸ ಮಾನಿಟರ್ ತಗೊಳ್ಳಲು ಆಗದವರು 1080ಪಿ ಪರದೆಯಲ್ಲೇ ಈ ಲಾಭವನ್ನು ಸ್ವಲ್ಪ ಪಡೆಯಬಹುದು. ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ. 3ಡಿ ಸೆಟ್ಟಿಂಗ್ಸ್‌ನಲ್ಲಿ `DSR - Factors` ಅಂತ ಇದೆ. ಅದರಲ್ಲಿ ಡಿಎಲ್ ಗುಂಪಿನ `1.78x` ಆರಿಸಿ. ಈಗ ಆಟದೊಳಗೆ 2560×1440 ಕಾಣಿಸುತ್ತದೆ. ಅದನ್ನು ಹಾಕಿ, ಡಿಎಲ್‌ಎಸ್‌ಎಸ್ ಪರ್ಫಾರ್ಮೆನ್ಸ್ ಮೋಡ್ ಕೊಡಿ. ಕಾರ್ಡ್ ಬಿಡಿಸುವುದು ಅದೇ 1280×720. ಅದು 1440ಪಿಗೆ ಕೂಡಿಕೊಂಡು, ಮತ್ತೆ ನಿಮ್ಮ 1080ಪಿಗೆ ಇಳಿಯುತ್ತದೆ. ನೇರವಾಗಿ 1080ಪಿ ಕ್ವಾಲಿಟಿಗೆ ಹೋಲಿಸಿದರೆ ಕೆಲವು ಫ್ರೇಮ್ ಕಡಿಮೆ ಬರುತ್ತದೆ, ಯಾಕೆಂದರೆ ಅಪ್‌ಸ್ಕೇಲರ್ ದೊಡ್ಡ ಚಿತ್ರ ಕಟ್ಟಬೇಕು. ಹೊಸ ಮಾನಿಟರ್ ಬರುವ ಮುಂಚೆ ನಾನು ಬಹಳ ದಿನ ಹೀಗೇ ಆಡಿದ್ದೇನೆ. ಪರೀಕ್ಷೆ ಮಾಡಲು ಒಂದೇ ಜಾಗದಲ್ಲಿ ನಿಂತು ನೋಡಬೇಡಿ, ಎರಡರಲ್ಲೂ ನಿಧಾನಕ್ಕೆ ಕ್ಯಾಮೆರಾ ತಿರುಗಿಸುತ್ತಾ ದೂರದ ತಂತಿ ಬೇಲಿಯನ್ನು ನೋಡಿ. ಯಾವುದರಲ್ಲಿ ಬೇಲಿ ಕಡಿಮೆ ಮಿಣುಕುತ್ತದೋ ಅದನ್ನೇ ಇಟ್ಟುಕೊಳ್ಳಿ.