ರೂಟರ್‌ಗೆ ಯಾವ ಬ್ಯಾಕಪ್? ಮಿನಿ ಯುಪಿಎಸ್, ಕಂಪ್ಯೂಟರ್ ಯುಪಿಎಸ್, ಪವರ್ ಬ್ಯಾಂಕ್ ಮೂರನ್ನೂ ಹಾಕಿ ನೋಡಿದ್ದು

ರೂಟರ್‌ಗೆ ಬ್ಯಾಕಪ್ ಹುಡುಕುವವರು ಮೊದಲು ಕೇಳುವ ಪ್ರಶ್ನೆ "ಎಷ್ಟು ಗಂಟೆ ಬರುತ್ತೆ?" ಅಂತ. ಮೂರು ಬಗೆಯವನ್ನು ಬಳಸಿ ನೋಡಿದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಬದಲಾಗಿದೆ. ಕರೆಂಟ್ ಹೋಗುವ ಗಳಿಗೆಯಲ್ಲಿ ಮತ್ತು ವಾಪಸ್ ಬರುವ ಗಳಿಗೆಯಲ್ಲಿ ರೂಟರ್ ಆಫ್ ಆಗದೆ ಉಳಿಯುತ್ತಾ? ಯಾಕೆಂದರೆ ಫೈಬರ್ ಬಾಕ್ಸ್ ಒಮ್ಮೆ ಆಫ್ ಆದರೆ ಅದು ಮತ್ತೆ ಬೂಟ್ ಆಗಬೇಕು, ಲೈನ್ ಹಿಡಿಯಬೇಕು, ರೂಟರ್ ಲಾಗಿನ್ ಆಗಬೇಕು, ಆಮೇಲೆ ವೈಫೈ ಬರಬೇಕು. ಅಷ್ಟರಲ್ಲಿ ಎರಡು ಮೂರು ನಿಮಿಷ ಹೋಗಿರುತ್ತದೆ. ಕರೆಂಟ್ ಹೋಗಿದ್ದು ಒಂದೇ ಸೆಕೆಂಡ್ ಆದರೂ ಮೀಟಿಂಗ್ ಕಟ್ ಆಗುವುದು ಮಾತ್ರ ಅಷ್ಟೇ ಹೊತ್ತು.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಲೇಬೇಕು. ಕರೆಂಟ್ ಹೋದಾಗ ನಿಮ್ಮ ಫೈಬರ್ ಲೈನ್ ಜೀವಂತ ಇರುತ್ತಾ ಅನ್ನೋದು. ಸಾಮಾನ್ಯವಾಗಿ ಮನೆ ಫೈಬರ್‌ನಲ್ಲಿ ದಾರಿ ಮಧ್ಯೆ ಇರುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಬೆಳಕು ಒಡೆದು ಹಂಚುವುದಷ್ಟೇ ಅದರ ಕೆಲಸ. ಕಂಪನಿಯ ಕಡೆಯ ಯಂತ್ರಕ್ಕೆ ಬ್ಯಾಟರಿ ಇದ್ದರೆ ನಿಮ್ಮ ಬೀದಿಯೆಲ್ಲ ಕತ್ತಲಾದರೂ ಲೈನ್ ಬರುತ್ತಿರುತ್ತದೆ. ಆದರೆ ಕೆಲವು ಕಡೆ ಮಧ್ಯದಲ್ಲಿ ಯಾರದೋ ಮನೆಯ ಟೆರೇಸ್ ಮೇಲೋ ಕಂಬದ ಮೇಲಿನ ಡಬ್ಬಿಯಲ್ಲೋ ಕರೆಂಟ್ ಬೇಕಾದ ಸ್ವಿಚ್ ಇರುತ್ತದೆ. ಅದು ಹೋದರೆ ನಿಮ್ಮ ಯುಪಿಎಸ್ ಸುಮ್ನೆ ದೀಪ ಉರಿಸಿಕೊಂಡು ಕೂರುತ್ತದೆ. ಪರೀಕ್ಷೆ ಸುಲಭ. ಕರೆಂಟ್ ಹೋದಾಗ ಯಾರದಾದರೂ 12 ವೋಲ್ಟ್ ಬ್ಯಾಕಪ್ ತಂದು ಫೈಬರ್ ಬಾಕ್ಸ್ ಆನ್ ಮಾಡಿ, ಮುಂದಿನ ದೀಪಗಳನ್ನು ನೋಡಿ. ಪಿಒಎನ್ ಅಂತ ಬರೆದ ದೀಪ ಹಸಿರಾಗಿ ನಿಂತರೆ ಸರಿ. ಎಲ್‌ಒಎಸ್ ಅನ್ನೋದು ಕೆಂಪಾಗಿ ಮಿಟುಕುತ್ತಿದ್ದರೆ ಆ ಕಡೆಯಿಂದ ಬೆಳಕೇ ಬರುತ್ತಿಲ್ಲ. ಹಾಗಿದ್ದಾಗ ಯಾವ ಯುಪಿಎಸ್ ತಂದರೂ ಪ್ರಯೋಜನ ಇಲ್ಲ.

ನನ್ನ ಕಡೆ ಎರಡು ಡಬ್ಬಿ ಇವೆ. ಫೈಬರ್ ಬಾಕ್ಸ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪ್ ಅಂತ ಇದೆ, ರೂಟರ್‌ದರ ಮೇಲೆ 12 ವೋಲ್ಟ್ 1.5 ಆಂಪ್. ಅದು ಅಡಾಪ್ಟರ್ ಕೊಡಬಲ್ಲ ಗರಿಷ್ಠ, ಡಬ್ಬಿ ಎಳೆಯುವುದು ಅಷ್ಟಲ್ಲ. ಮಧ್ಯೆ ಮೀಟರ್ ಹಾಕಿ ನೋಡಿದರೆ ಫೈಬರ್ ಬಾಕ್ಸ್ ಸುಮಾರು 5 ವ್ಯಾಟ್, ರೂಟರ್ ಸುಮಾರು 7 ವ್ಯಾಟ್. ಒಟ್ಟು 12 ವ್ಯಾಟ್, ಅಂದರೆ 12 ವೋಲ್ಟ್‌ನಲ್ಲಿ 1 ಆಂಪ್. ಮುಂದಿನ ಲೆಕ್ಕವೆಲ್ಲ ಈ 12 ವ್ಯಾಟ್ ಮೇಲೆ.

ಮೊದಲು ಹಾಕಿದ್ದು ಕಂಪ್ಯೂಟರ್‌ಗೆ ಬಳಸುವ 600 ವಿಎ ಯುಪಿಎಸ್. ಹೇಗೂ ಮನೆಯಲ್ಲಿತ್ತು. ಒಳಗೆ 12 ವೋಲ್ಟ್ 7 ಆಂಪ್-ಅವರ್ ಲೆಡ್ ಬ್ಯಾಟರಿ, ಅಂದರೆ 84 ವ್ಯಾಟ್-ಅವರ್. 12 ವ್ಯಾಟ್ ಲೋಡಿಗೆ ಏಳು ಗಂಟೆ ಬರಬೇಕು ಅಲ್ವಾ? ಬಂದಿದ್ದು ಎರಡು ಗಂಟೆಯ ಆಸುಪಾಸು. ಕಾರಣ ಏನಂದ್ರೆ, ಈ ಯುಪಿಎಸ್ 12 ವೋಲ್ಟನ್ನು ಮೊದಲು ಗೋಡೆ ಕರೆಂಟಿನ ಮಟ್ಟಕ್ಕೆ ಏರಿಸುತ್ತದೆ, ಆಮೇಲೆ ಅಡಾಪ್ಟರ್ ಅದನ್ನು ಮತ್ತೆ 12ಕ್ಕೆ ಇಳಿಸುತ್ತದೆ. ಎರಡು ಸಲ ನಷ್ಟ. ಅದಕ್ಕಿಂತ ಜಾಸ್ತಿ ತಿನ್ನುವುದು ಯುಪಿಎಸ್ ತಾನೇ. ಏನೂ ಲೋಡ್ ಇಲ್ಲದಿದ್ದರೂ ಒಳಗಿನ ಸರ್ಕ್ಯೂಟ್ ಓಡಿಸಲು ಹತ್ತು ಹದಿನೈದು ವ್ಯಾಟ್ ಬೇಕು. ಕಂಪ್ಯೂಟರಿನ ಇನ್ನೂರು ವ್ಯಾಟ್ ಮುಂದೆ ಅದು ಲೆಕ್ಕಕ್ಕಿಲ್ಲ. ರೂಟರ್‌ನ 12 ವ್ಯಾಟ್ ಮುಂದೆ ಮಾತ್ರ ಅದು ನಾಲ್ಕಾಣೆಯ ಕಾಗದ ಕಳಿಸಲು ಲಾರಿ ಬಾಡಿಗೆಗೆ ಹಿಡಿದ ಹಾಗೆ.

ಆದರೆ ಆ ಎರಡು ಗಳಿಗೆಯ ಪರೀಕ್ಷೆಯಲ್ಲಿ ಇದು ಪಾಸ್. ಬದಲಾಗಲು ಇಂಥ ಯುಪಿಎಸ್ ತೆಗೆದುಕೊಳ್ಳುವುದು ಕೆಲವೇ ಮಿಲಿಸೆಕೆಂಡ್. ಅಷ್ಟು ಹೊತ್ತು ಅಡಾಪ್ಟರ್ ಒಳಗಿನ ಕೆಪಾಸಿಟರ್ ತಡೆದುಕೊಳ್ಳುತ್ತದೆ. ಹೋದಾಗಲೂ ಬಂದಾಗಲೂ ರೂಟರ್‌ಗೆ ಗೊತ್ತೇ ಆಗಲಿಲ್ಲ. ಬೇಸರ ಬೇರೆ ಕಡೆ ಇದೆ. ರಾತ್ರಿ ಎರಡಕ್ಕೆ ಕರೆಂಟ್ ಹೋದರೆ ಬೀಪ್ ಬೀಪ್ ಅಂತ ಇಡೀ ಮನೆ ಎಬ್ಬಿಸುತ್ತದೆ. ದಿನಾ ಖಾಲಿಯಾಗುವಷ್ಟು ಬಳಸಿದರೆ ಲೆಡ್ ಬ್ಯಾಟರಿ ಬೇಗ ಕುಗ್ಗುತ್ತದೆ. ಕೆಲವು ಮಾದರಿಗಳಲ್ಲಿ ಇನ್ನೊಂದು ತಕರಾರು: ಲೋಡ್ ತೀರಾ ಕಡಿಮೆ ಇದ್ದರೆ "ಏನೂ ಇಲ್ಲ" ಅಂದುಕೊಂಡು ಕೆಲವು ನಿಮಿಷಕ್ಕೆ ತಾನೇ ಆಫ್ ಆಗುತ್ತದೆ. ಬ್ಯಾಟರಿ ತುಂಬಿದ್ದರೂ ಪ್ರತಿ ಸಲ ಒಂದೇ ಹೊತ್ತಿಗೆ ಆಫ್ ಆಗುತ್ತಿದ್ದರೆ ಅದೇ ಕಾರಣ.

ಪವರ್ ಬ್ಯಾಂಕ್ ವಿಷಯ ಬೇಗ ಮುಗಿಸಬಹುದು. 5 ವೋಲ್ಟನ್ನು 12ಕ್ಕೆ ಏರಿಸುವ ಕೇಬಲ್ ಸಿಗುತ್ತದೆ. ಅದನ್ನು 20,000 ಎಂಎಎಚ್ ಪವರ್ ಬ್ಯಾಂಕಿಗೆ ಚುಚ್ಚಿ ರೂಟರ್ ಓಡಿಸಿದೆ. ಹೊತ್ತಿನ ಬಗ್ಗೆ ದೂರಿಲ್ಲ, ಮೂರರಲ್ಲಿ ಇದೇ ಹೆಚ್ಚು. ಆದರೆ 5 ವೋಲ್ಟ್ 2 ಆಂಪ್ ಅಂದರೆ ಒಟ್ಟು 10 ವ್ಯಾಟ್. ಎರಡೂ ಡಬ್ಬಿ ಅದರಲ್ಲಿ ಏಳುವುದಿಲ್ಲ, ಒಂದಕ್ಕೆ ಮಾತ್ರ ಸಾಕು. ಜೊತೆಗೆ ನನ್ನ ಪವರ್ ಬ್ಯಾಂಕ್, ಚಾರ್ಜರ್‌ಗೆ ಕರೆಂಟ್ ಬಂದಾಗಲೂ ಹೋದಾಗಲೂ ಔಟ್‌ಪುಟ್ ಅನ್ನು ಒಂದು ಕ್ಷಣ ಕಡಿದು ಮತ್ತೆ ಕೊಡುತ್ತದೆ. ಫೋನ್‌ಗೆ ಅದು ಗೊತ್ತಾಗಲ್ಲ, ರೂಟರ್ ಮಾತ್ರ ಪ್ರತಿ ಸಲ ರೀಸ್ಟಾರ್ಟ್. ಎಷ್ಟೋ ಪವರ್ ಬ್ಯಾಂಕ್‌ಗಳು ಹೀಗೇ. ಟೈಪ್-ಸಿ ಪಿಡಿಯಿಂದ ನೇರ 12 ವೋಲ್ಟ್ ತೆಗೆಯುವ ಕೇಬಲ್ ಬಗ್ಗೆ ಯೋಚಿಸುವವರು, ಪವರ್ ಬ್ಯಾಂಕ್ ಮೇಲೆ 12 ವೋಲ್ಟ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಅನೇಕವುಗಳಲ್ಲಿ 9 ಆದ ಮೇಲೆ ಸೀದಾ 15 ಇರುತ್ತದೆ. ಪ್ರಯಾಣದಲ್ಲಿ ತಾತ್ಕಾಲಿಕಕ್ಕೆ ಓಕೆ, ಮನೆಗೆ ಕಾಯಂ ಆಗಿ ಬೇಡ.

ಇನ್ನು ಮಿನಿ ಯುಪಿಎಸ್. ಅಂಗೈ ಅಗಲದ ಡಬ್ಬಿ, ಒಳಗೆ ಲಿಥಿಯಂ ಸೆಲ್‌ಗಳು. ಅಡಾಪ್ಟರ್‌ನ ಪಿನ್ ಅದರೊಳಗೆ, ಅದರಿಂದ ಹೊರಟ ವೈರ್ ರೂಟರ್‌ಗೆ. ಎರಡು ಡಬ್ಬಿಗೆ ಒಂದು ವೈ ಕೇಬಲ್ ಸಾಕು. ಇದರ ಮೇಲೆ 10,400 ಎಂಎಎಚ್ ಅಂತ ದಪ್ಪ ಅಕ್ಷರದಲ್ಲಿ ಇರುತ್ತದೆ. 1 ಆಂಪ್ ಲೋಡಿಗೆ ಹತ್ತು ಗಂಟೆ ಅಂತ ಖುಷಿಪಡಬೇಡಿ. ಆ ಲೆಕ್ಕ 3.7 ವೋಲ್ಟ್‌ನ ಸೆಲ್‌ಗಳದ್ದು. 10.4ನ್ನು 3.7ರಿಂದ ಗುಣಿಸಿದರೆ 38 ವ್ಯಾಟ್-ಅವರ್. 12ಕ್ಕೆ ಏರಿಸುವ ನಷ್ಟ ಕಳೆದರೆ ಕೈಗೆ ಸಿಗುವುದು 32ರಷ್ಟು. ನನ್ನ ಲೋಡಿಗೆ ಎರಡೂವರೆ ಗಂಟೆ ದಾಟಿ ಸ್ವಲ್ಪ ಬಂತು. ಕಂಪ್ಯೂಟರ್ ಯುಪಿಎಸ್‌ನ ಅರ್ಧಕ್ಕಿಂತ ಕಡಿಮೆ ಬ್ಯಾಟರಿ, ಆದರೂ ಹೊತ್ತು ಅದಕ್ಕಿಂತ ಜಾಸ್ತಿ. ಸದ್ದಿಲ್ಲ, ಫ್ಯಾನಿಲ್ಲ.

ಕರೆಂಟ್ ಹೋದಾಗ ಮಿನಿ ಯುಪಿಎಸ್ ಚೆನ್ನಾಗಿ ನಿಂತಿತು. ವಾಪಸ್ ಬಂದಾಗ ಮಾತ್ರ ಫೈಬರ್ ಬಾಕ್ಸ್ ರೀಸ್ಟಾರ್ಟ್. ಅದೂ ಪ್ರತಿ ಸಲ ಅಲ್ಲ. ಐದು ನಿಮಿಷ ಹೋಗಿ ಬಂದರೆ ಏನೂ ಆಗುತ್ತಿರಲಿಲ್ಲ, ಎರಡು ಗಂಟೆ ಹೋಗಿ ಬಂದರೆ ಆಗುತ್ತಿತ್ತು. ಕಾರಣಕ್ಕೆ ಇಲ್ಲೇ ಸುಳಿವಿದೆ. ಖಾಲಿಯಾದ ಬ್ಯಾಟರಿ ಕರೆಂಟ್ ಬಂದ ಕೂಡಲೇ ಜೋರಾಗಿ ಚಾರ್ಜ್ ಎಳೆಯುತ್ತದೆ. ರೂಟರ್ ಮತ್ತು ಫೈಬರ್ ಬಾಕ್ಸ್‌ಗೆ 1 ಆಂಪ್, ಚಾರ್ಜ್‌ಗೆ ಇನ್ನು 0.8 ಆಂಪ್, ಒಟ್ಟು 1.8. ನಾನು ಕೊಟ್ಟಿದ್ದು ರೂಟರ್‌ನದೇ 1.5 ಆಂಪ್ ಅಡಾಪ್ಟರ್. ಪೆಟ್ಟಿಗೆಯ ಮೇಲೂ "ನಿಮ್ಮ ರೂಟರ್ ಅಡಾಪ್ಟರನ್ನೇ ಬಳಸಿ" ಅಂತಲೇ ಇತ್ತು. ಭಾರ ತಾಳದೆ ಅಡಾಪ್ಟರ್‌ನ ವೋಲ್ಟೇಜ್ ಕುಸಿಯುತ್ತದೆ, ಡಬ್ಬಿ ಆಫ್ ಆಗಿ ಆನ್ ಆಗುತ್ತದೆ. ಕರೆಂಟ್ ಬಂದ ಹತ್ತು ನಿಮಿಷಕ್ಕೆ ಅಡಾಪ್ಟರ್ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಿಮ್ಮದೂ ಇದೇ ಕತೆ. 12 ವೋಲ್ಟ್ 3 ಆಂಪ್‌ನ ಒಳ್ಳೆಯ ಅಡಾಪ್ಟರ್ ಹಾಕಿದ ಮೇಲೆ ಈ ತೊಂದರೆ ಪೂರ್ತಿ ನಿಂತಿತು. ಆಂಪ್ ಜಾಸ್ತಿ ಇದ್ದರೆ ರೂಟರ್ ಸುಡುತ್ತೆ ಅನ್ನೋ ಭಯ ಬೇಡ, ಡಬ್ಬಿ ತನಗೆ ಬೇಕಾದಷ್ಟೇ ಎಳೆಯುತ್ತದೆ. ವೋಲ್ಟ್ ಮತ್ತು ಪ್ಲಸ್-ಮೈನಸ್ ಮಾತ್ರ ತಪ್ಪಬಾರದು.

ರೀಸ್ಟಾರ್ಟ್ ಆಗಿದ್ದು ಯಾವ ಡಬ್ಬಿ ಅಂತ ತಿಳಿಯಲು ಬ್ಯಾಟರಿ ಮೇಲಿರುವ ಲ್ಯಾಪ್‌ಟಾಪ್‌ನಲ್ಲಿ ರೂಟರ್‌ಗೆ ಪಿಂಗ್ ಬಿಟ್ಟು, ಗೋಡೆ ಸ್ವಿಚ್ ಆಫ್ ಆನ್ ಮಾಡಿ ನೋಡಿ. ವಿಂಡೋಸ್‌ನಲ್ಲಿ ಹೀಗೆ, ನಿಮ್ಮ ರೂಟರ್ ವಿಳಾಸ ಹಾಕಿಕೊಂಡು:

```
ping -t 192.168.1.1
```

ಉತ್ತರ ನಿಲ್ಲದೆ ಬರುತ್ತಿದ್ದೂ ಇಂಟರ್ನೆಟ್ ಹೋದರೆ ಫೈಬರ್ ಬಾಕ್ಸ್ ಬಿದ್ದಿದೆ. ಉತ್ತರವೇ ನಿಂತರೆ ರೂಟರ್. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಖಾಲಿ ಇದ್ದಾಗ ಈ ಪರೀಕ್ಷೆ ಮಾಡಬೇಕು. ತುಂಬಿದ ಬ್ಯಾಟರಿಯಲ್ಲಿ ಎಲ್ಲ ಯುಪಿಎಸ್‌ಗಳೂ ಒಳ್ಳೆಯವೇ.

ಪಿನ್ ಬಗ್ಗೆ ಒಂದು ಮಾತು. ಹೊರಗಿನ ಅಳತೆ 5.5 ಮಿಲಿಮೀಟರ್ ಒಂದೇ ಆದರೂ ಒಳಗಿನ ತೂತು 2.1 ಮತ್ತು 2.5 ಅಂತ ಎರಡು ಬಗೆ. 2.5ರ ಪಿನ್ 2.1ರ ಸಾಕೆಟ್‌ಗೆ ಹೋಗುತ್ತದೆ, ಆದರೆ ಸಡಿಲ. ಕಸ ಗುಡಿಸುವಾಗ ವೈರ್ ಅಲುಗಿದರೂ ಡಬ್ಬಿ ಆಫ್. ಬ್ಯಾಟರಿ ಹಾಳು ಅಂತ ಬೈಯುವ ಮುಂಚೆ ಪಿನ್ ಅಲುಗಿಸಿ ನೋಡಿ.

ನಾನು ಉಳಿಸಿಕೊಂಡಿದ್ದು ದೊಡ್ಡ ಅಡಾಪ್ಟರ್ ಹಾಕಿದ ಮಿನಿ ಯುಪಿಎಸ್. ದಿನಕ್ಕೆ ಒಂದೆರಡು ಸಲ ಒಂದೊಂದು ಗಂಟೆ ಹೋಗುವ ಕಡೆಗೆ ಇದು ಧಾರಾಳ. ಬೆಳಿಗ್ಗೆ ಮೂರು ಗಂಟೆ, ಮಧ್ಯಾಹ್ನ ಮತ್ತೆ ಮೂರು ಗಂಟೆ ಹೋಗುವ ಕಡೆಗೆ ಸಾಲದು. ಪೂರ್ತಿ ಖಾಲಿಯಾದದ್ದು ತುಂಬಲು ನಾಲ್ಕೈದು ಗಂಟೆ ಬೇಕು, ಎರಡನೇ ಸಲಕ್ಕೆ ಅರ್ಧ ತುಂಬಿರುತ್ತದೆ ಅಷ್ಟೆ. ಅಂಥವರು ಎರಡು ಡಬ್ಬಿಗೆ ಎರಡು ಮಿನಿ ಯುಪಿಎಸ್ ಹಾಕುವುದು ಮೇಲು. ಎಲ್ಲಿ ಇಡುತ್ತೀರಿ ಅನ್ನೋದೂ ನೋಡಿ. ರೂಟರ್ ಮೇಲೇ ಪೇರಿಸಿಟ್ಟರೆ ಸದಾ ಪೂರ್ತಿ ತುಂಬಿರುವ ಲಿಥಿಯಂ ಸೆಲ್‌ಗೆ ಬಿಸಿಯೂ ಸೇರಿ ಆಯಸ್ಸು ಕಡಿಮೆ ಆಗುತ್ತದೆ. ಡಬ್ಬಿಯ ಅಂಚಿನ ಜೋಡಣೆ ಬಾಯಿ ಬಿಟ್ಟಿದ್ದರೆ, ಸಮತಟ್ಟಾದ ಮೇಜಿನ ಮೇಲೆ ಇಟ್ಟಾಗ ಅಲ್ಲಾಡಿದರೆ, ಒಳಗೆ ಸೆಲ್ ಉಬ್ಬಿದೆ ಅಂತ ಲೆಕ್ಕ. ಆಗ ಇನ್ನೂ ಬ್ಯಾಕಪ್ ಕೊಡುತ್ತಿದ್ದರೂ ಅದನ್ನು ತೆಗೆದುಬಿಡಿ.