ಯೂರೋ ಸಂಬಳವನ್ನು ರೂಪಾಯಿ ದರದಿಂದ ಗುಣಿಸುವ ಮೊದಲು ಇದನ್ನು ಓದಿ

2023ರಲ್ಲಿ ನನಗೆ ಮ್ಯೂನಿಕ್‌ನ ಒಂದು ಕಂಪನಿಯಿಂದ ಆಫರ್ ಬಂತು. ವರ್ಷಕ್ಕೆ 54,000 ಯೂರೋ. ಆಗ ಯೂರೋ 90 ರೂಪಾಯಿ ಆಸುಪಾಸಿನಲ್ಲಿತ್ತು. ಮೊಬೈಲ್‌ನಲ್ಲಿ ಗುಣಿಸಿದೆ, 48 ಲಕ್ಷ ದಾಟಿತು. ಶಿವಮೊಗ್ಗದ ಮನೆಯಲ್ಲೇ ಕೂತು ಕೆಲಸ ಮಾಡಿ 18 ಲಕ್ಷ ಪಡೆಯುತ್ತಿದ್ದೆ. ಆ ರಾತ್ರಿಯೇ ತೀರ್ಥಹಳ್ಳಿಗೆ ಫೋನ್ ಮಾಡಿ ಅಮ್ಮನಿಗೆ ಹೇಳಿಬಿಟ್ಟೆ. ಹದಿನಾಲ್ಕು ತಿಂಗಳಿಗೆ ವಾಪಸ್ ಬಂದೆ. ಯಾಕೆ ಅಂತ ಲೆಕ್ಕ ಸಮೇತ ಹೇಳುತ್ತೇನೆ.

ಸಂಬಳ ತಿಂಗಳಿಗೆ 4,500 ಯೂರೋ. ಕೈಗೆ 3,190 ಬರುತ್ತದೆ ಅಂತ ಕೆಲಸ ಕೊಡಿಸಿದ ಏಜೆಂಟ್ ಹೇಳಿದ್ದ. ಮೊದಲ ಪೇ ಸ್ಲಿಪ್‌ನಲ್ಲಿ ಇದ್ದದ್ದು 2,845. ನಾಲ್ಕು ಸಲ ಕೂಡಿ ಕಳೆದು ನೋಡಿದೆ. ಪಿಂಚಣಿ, ಆರೋಗ್ಯ ವಿಮೆ, ನಿರುದ್ಯೋಗ ವಿಮೆ, ವಯಸ್ಸಾದವರ ಆರೈಕೆಯ ವಿಮೆ ಎಲ್ಲ ಸೇರಿ ಸುಮಾರು 920 ಹೋಗಿತ್ತು. ಆದಾಯ ತೆರಿಗೆ ಅಂತ ಇನ್ನೊಂದು 735. ಮೇಲಿನ ಮೂಲೆಯಲ್ಲಿ ತೆರಿಗೆ ವರ್ಗ 1 ಅಂತ ಇತ್ತು. ನಾನು ಮದುವೆಯಾದವನು, ಹಾಗಾಗಿ ತೆರಿಗೆ ಕಡಿಮೆ ಇರುವ ವರ್ಗ 3 ಸಿಗುತ್ತದೆ ಅಂತ ಏಜೆಂಟ್ ಲೆಕ್ಕ ಹಾಕಿದ್ದ. ಆದರೆ ನನ್ನಂಥವರಿಗೆ ಅದು ಸಿಗಬೇಕಾದರೆ ಹೆಂಡತಿಯೂ ಅಲ್ಲೇ ವಾಸವಿರಬೇಕು. ನನ್ನ ಹೆಂಡತಿ ಶಿವಮೊಗ್ಗದಲ್ಲಿ ಶಾಲೆಯ ಕೆಲಸ ಬಿಡುವ ಹಾಗಿರಲಿಲ್ಲ. ಮಗಳಿಗೆ ಅಲ್ಲಿನ ಸರ್ಕಾರ ಆಗ ಕೊಡುತ್ತಿದ್ದ ತಿಂಗಳಿಗೆ 250 ಯೂರೋ ಕೂಡ ಅದೇ ಕಾರಣಕ್ಕೆ ಸಿಗಲಿಲ್ಲ.

ನಮ್ಮ ಕಡೆ ಹಸಿ ಅಡಿಕೆಯ ತೂಕ ನೋಡಿ ಒಣ ಅಡಿಕೆಯ ದರದಿಂದ ಯಾರಾದರೂ ಗುಣಿಸುತ್ತಾರಾ? ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಉಳಿದದ್ದಕ್ಕೆ ತಾನೇ ಮಂಡಿಯಲ್ಲಿ ದುಡ್ಡು. ತೋಟದ ಮನೆಯಲ್ಲಿ ಹುಟ್ಟಿಯೂ ಸಂಬಳದ ವಿಷಯದಲ್ಲಿ ನಾನು ಅದೇ ತಪ್ಪು ಮಾಡಿದೆ.

ಬಾಡಿಗೆಯಲ್ಲೂ ಹೀಗೇ ಆಯಿತು. ಜಾಹೀರಾತಿನಲ್ಲಿ 1,050 ಯೂರೋ ಅಂತ ಇತ್ತು. ಅದು 'ಕಾಲ್ಟ್', ಅಂದರೆ ಬರೀ ಗೋಡೆಗಳ ಬಾಡಿಗೆ. ಹೀಟರ್, ನೀರು, ಕಸದ ಖರ್ಚು ಸೇರಿದ 'ವಾರ್ಮ್' ಬಾಡಿಗೆ 1,250. ಒಂದೇ ರೂಮಿನ ಮನೆಗೆ! ಮೂರು ತಿಂಗಳ ಕಾಲ್ಟ್ ಬಾಡಿಗೆ ಅಡ್ವಾನ್ಸ್ ಬೇರೆ. 3,150 ಯೂರೋ, ಸುಮಾರು 2.8 ಲಕ್ಷ. ಮೊದಲ ಸಂಬಳ ಬರುವ ಮುಂಚೆ ಇಲ್ಲಿನ ಉಳಿತಾಯದಿಂದಲೇ ಹೋಯಿತು.

ಬಾಡಿಗೆ, ಕರೆಂಟು, ಇಂಟರ್‌ನೆಟ್, ದಿನಸಿ, ಮಧ್ಯಾಹ್ನದ ಊಟ, 49 ಯೂರೋದ ರೈಲು ಪಾಸು, ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೆಟ್ಟಿಗೆ ಎತ್ತಿಡುವುದು, ಎಲ್ಲ ಕಳೆದರೆ ಉಳಿಯುತ್ತಿದ್ದದ್ದು 820 ಯೂರೋ. ಅದೂ ಸ್ವಂತ ಅಡುಗೆ ಮಾಡಿಕೊಂಡು. 90ರ ಲೆಕ್ಕದಲ್ಲಿ 73,800 ರೂಪಾಯಿ. ಮೊದಲು ಶಿವಮೊಗ್ಗದಲ್ಲಿ 1,18,000 ಕೈಗೆ ಬಂದು, 45,000 ಖರ್ಚಾಗಿ, 73,000 ಉಳಿಯುತ್ತಿತ್ತು. ಎರಡೂ ಒಂದೇ ಅನ್ನಿಸುತ್ತದೆ ಅಲ್ವಾ? ಇಲ್ಲ. ಶಿವಮೊಗ್ಗದ ಮನೆಯ ಒಲೆ ಆರಿರಲಿಲ್ಲ. ನಾನೊಬ್ಬ ಇಲ್ಲದಿದ್ದರೂ ಅಲ್ಲಿಗೆ ತಿಂಗಳಿಗೆ 40,000 ಬೇಕಿತ್ತು. ಉಳಿದದ್ದು 33,800. ಹಿಂದಿನ ಅರ್ಧಕ್ಕಿಂತ ಕಡಿಮೆ.

ಹಣ ಕಳಿಸುವಾಗಲೂ ಹುಷಾರಾಗಿರಿ. 'ಶುಲ್ಕ ಇಲ್ಲ' ಅಂದ ಬ್ಯಾಂಕು ಮಾರುಕಟ್ಟೆಯಲ್ಲಿ 90 ಇದ್ದಾಗ ನನಗೆ ಕೊಟ್ಟದ್ದು 87.60. 820 ಯೂರೋಗೆ ಸುಮಾರು 2,000 ರೂಪಾಯಿ ಸುಮ್ನೆ ಹೋಯಿತು. ಕೊನೆಗೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ ಅಂತ ನೋಡಿಯೇ ಹೋಲಿಸಬೇಕು.

ವಾಪಸ್ ಬಂದ ಮೇಲೆ ಗೆಳೆಯನೊಬ್ಬ ಕೊಳ್ಳುವ ಶಕ್ತಿಯ ಲೆಕ್ಕ ತೋರಿಸಿದ. ಅದರ ಪ್ರಕಾರ ಜರ್ಮನಿಯ ಒಂದು ಯೂರೋ ಖರ್ಚು ಇಲ್ಲಿನ ಸುಮಾರು 30 ರೂಪಾಯಿ ಖರ್ಚಿಗೆ ಸಮ. ಹಾಗಾದರೆ ನನ್ನ 54,000 ಬರೀ 16 ಲಕ್ಷ! ಇದೂ ಪೂರ್ತಿ ಸರಿಯಲ್ಲ. ಅಲ್ಲಿ ಖರ್ಚಾಗುವ ಯೂರೋಗೆ ಮಾತ್ರ ಈ ದರ ಹೊಂದುತ್ತದೆ. ಉಳಿಸಿ ಊರಿಗೆ ಕಳಿಸಿದ ಯೂರೋಗೆ ಹೆಚ್ಚುಕಮ್ಮಿ ಮಾರುಕಟ್ಟೆ ದರವೇ ಸಿಗುತ್ತದೆ. ಆ 30 ಕೂಡ ಇಡೀ ದೇಶದ ಸರಾಸರಿ, ಮ್ಯೂನಿಕ್ ಬಾಡಿಗೆ ಅದಕ್ಕಿಂತ ತುಂಬಾ ಜಾಸ್ತಿ. ಹಾಗಾಗಿ ಇಡೀ ಸಂಬಳವನ್ನು ಯಾವ ದರದಿಂದಲೂ ಗುಣಿಸಬೇಡಿ. ಖರ್ಚನ್ನು ಯೂರೋದಲ್ಲೇ ಕಳೆಯಿರಿ, ಉಳಿದದ್ದನ್ನು ರೂಪಾಯಿ ಮಾಡಿ, ಆಮೇಲೆ ಊರಿನ ಖರ್ಚು ಕಳೆಯಿರಿ.

ಮನೆಯವರೆಲ್ಲ ಹೋಗುವುದಾದರೆ ಚಿತ್ರ ಬೇರೆ. ನನ್ನ ಲೆಕ್ಕದಲ್ಲಿ ಆಗ ವರ್ಗ 3ರಿಂದ 345, ಮಗುವಿನ 250 ಕೈಗೆ ಹೆಚ್ಚು ಬರುತ್ತಿತ್ತು, ಜೊತೆಗೆ ಒಂದೇ ಒಲೆ. ಬಾಡಿಗೆ ಮಾತ್ರ ಏರುತ್ತದೆ.

ಕಳೆದ ವಾರ ಸಾಗರದಿಂದ ಚಿಕ್ಕಪ್ಪನ ಮಗ ಅಂಥದ್ದೇ ಆಫರ್ ಹಿಡಿದು ಬಂದಿದ್ದ. ಮಂಡಿಯ ಹಳೇ ಚೀಟಿಯ ಹಿಂದೆ ಇಬ್ಬರೂ ಕೂತು ಇದೇ ಲೆಕ್ಕ ಬರೆದೆವು. "ಅಣ್ಣ, ಉಳಿಯೋದು ಇಷ್ಟೇನಾ?" ಅಂದ. ವರ್ಗ 1ರಲ್ಲಿ ಕೈಗೆ ಎಷ್ಟು, ಮೊದಲ ಮೂರು ತಿಂಗಳ ಮನೆ ನೀವೇ ಕೊಡುತ್ತೀರಾ ಅಂತ ಕಂಪನಿಗೆ ಮೇಲ್ ಹಾಕಿದ್ದಾನೆ. ಉತ್ತರ ಬರುವವರೆಗೆ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ ಅಂತ ಹೇಳಿ ಕಳಿಸಿದ್ದೇನೆ.